ಮೂರು ಗಂಟೆಯ ಪಾಡ್‌ಕಾಸ್ಟ್ ಕೇಳೋದು ಹೇಗೆ: ಚಾಪ್ಟರ್, ವೇಗ, ಮೌನ, ಡಿಲೀಟ್ ಈ ಕ್ರಮದಲ್ಲೇ ಹೊಂದಿಸಿ

"ಆಟೋ ಡಿಲೀಟ್ ಆನ್ ಮಾಡಿದ್ದೇನೆ, ಆದರೂ ಫೋನ್ ತುಂಬಿಹೋಗಿದೆ" ಅನ್ನೋದು ಒಂದು ದೂರು. "ಪೂರ್ತಿ ಕೇಳಿರಲೇ ಇಲ್ಲ, ಎಪಿಸೋಡ್ ತಾನಾಗಿಯೇ ಮಾಯವಾಯಿತು" ಅನ್ನೋದು ಇನ್ನೊಂದು. ಕೇಳೋಕೆ ಇವೆರಡೂ ಉಲ್ಟಾ ದೂರುಗಳು. ಆದರೆ ಬೇರು ಒಂದೇ. ಫೈಲ್ ಅಳಿಸುವ ಮುಂಚೆ ಆ್ಯಪ್ ನೋಡೋದು "ಈ ಎಪಿಸೋಡ್ ಮುಗಿಯಿತಾ" ಅಂತ ಮಾತ್ರ. ನಿಮ್ಮ ಲೆಕ್ಕದಲ್ಲಿ ಮುಗಿದದ್ದು ಆ್ಯಪ್‌ನ ಲೆಕ್ಕದಲ್ಲಿ ಮುಗಿದಿರಬೇಕೆಂದೇನಿಲ್ಲ.

ಹಾಗಾಗಿ ಡಿಲೀಟ್ ಸೆಟ್ಟಿಂಗನ್ನು ಕೊನೆಗೆ ಮುಟ್ಟಬೇಕು. ಮೊದಲು ಚಾಪ್ಟರ್, ಆಮೇಲೆ ವೇಗ, ಅದಾದ ಮೇಲೆ ಮೌನ ಬಿಟ್ಟು ಮುಂದೆ ಹೋಗುವ ಸೌಲಭ್ಯ. ಹೆಚ್ಚಿನವರು ನಾಲ್ಕನ್ನೂ ಒಂದೇ ಸಲ ಆನ್ ಮಾಡುತ್ತಾರೆ. ಆಮೇಲೆ ಏನಾದರೂ ಕೆಟ್ಟರೆ ಯಾವುದರಿಂದ ಕೆಟ್ಟಿತು ಅಂತ ಗೊತ್ತಾಗೋದೇ ಇಲ್ಲ.

ಇಲ್ಲಿ ನಾನು ಆಂಡ್ರಾಯ್ಡ್‌ನ ಆಂಟೆನಾಪಾಡ್ ಆ್ಯಪನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅದು ಉಚಿತ, ಓಪನ್ ಸೋರ್ಸ್, ಮತ್ತು ಈ ನಾಲ್ಕೂ ಸೌಲಭ್ಯ ಅದರಲ್ಲಿವೆ. ಆ್ಯಪ್ ಇಂಗ್ಲಿಷಿನಲ್ಲಿದ್ದರೆ ಕಾಣುವ ಹೆಸರುಗಳನ್ನೇ ಕೊಟ್ಟಿದ್ದೇನೆ. ಆವೃತ್ತಿ ಬದಲಾದಂತೆ ಮೆನುವಿನ ಜಾಗ ಸ್ವಲ್ಪ ಅತ್ತಿತ್ತ ಆಗಬಹುದು. ಬೇರೆ ಆ್ಯಪ್ ಬಳಸುವವರಿಗೆ ಕೊನೆಯ ಹತ್ತಿರ ಒಂದು ಭಾಗ ಇದೆ, ಆದರೆ ಹಂತಗಳ ಕ್ರಮ ನಿಮಗೂ ಇದೇ.

## ಮೊದಲು ಕೈಯಲ್ಲಿರಬೇಕಾದದ್ದು

ಎರಡೂವರೆ ಗಂಟೆಗಿಂತ ಉದ್ದದ ಒಂದು ಎಪಿಸೋಡ್ ಬೇಕು. ಅದು ಪರೀಕ್ಷೆಗೆ ಮಾತ್ರ, ಹೋದರೂ ಬೇಸರವಾಗದಂಥದ್ದಿರಲಿ. ಒಂದು ಇಯರ್‌ಫೋನ್ ಬೇಕು, ಫೋನಿನ ಸ್ಪೀಕರಿನಲ್ಲಿ ಮಾತು ಕತ್ತರಿಸಿದ್ದು ಸರಿಯಾಗಿ ಕೇಳಿಸುವುದಿಲ್ಲ. ಜೊತೆಗೆ ಒಂದು ಸ್ಟಾಪ್‌ವಾಚ್. ಅದು ಬೇರೆ ಗಡಿಯಾರದಲ್ಲೋ ಇನ್ನೊಂದು ಫೋನಿನಲ್ಲೋ ಇದ್ದರೆ ಅನುಕೂಲ.

ಉದಾಹರಣೆಗೆ ನಾವು 3 ಗಂಟೆಯ ಒಂದು ಸಂದರ್ಶನ ತೆಗೆದುಕೊಳ್ಳೋಣ. ಅದರ ಚಾಪ್ಟರ್‌ಗಳು ಹೀಗಿವೆ ಅಂದುಕೊಳ್ಳಿ:

```
0:00  ಪರಿಚಯ
0:07  ಬಾಲ್ಯ
0:48  ಮೊದಲ ಕೆಲಸ
1:32  ಜಾಹೀರಾತು
1:36  ತಾಂತ್ರಿಕ ಚರ್ಚೆ
2:31  ಕೇಳುಗರ ಪ್ರಶ್ನೆಗಳು
2:54  ಮುಕ್ತಾಯ
```

ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಆದರೆ ಈ ಒಂದು ಫೈಲೇ ಸುಮಾರು 173 ಎಂಬಿ. ಇಂಥ ಹತ್ತು ಉಳಿದುಕೊಂಡರೆ 1.7 ಜಿಬಿ ಹೋಯಿತು. ಡಿಲೀಟ್ ಕೆಲಸ ಮಾಡಲಿಲ್ಲ ಅಂತ ಜನಕ್ಕೆ ಗೊತ್ತಾಗೋದು ಆವಾಗಲೇ.

## ಹಂತ 1: ಡೌನ್‌ಲೋಡ್ ಮಾಡಿ, ಚಾಪ್ಟರ್ ನಿಜವಾಗಿ ಎಲ್ಲಿ ಬೀಳುತ್ತದೆ ನೋಡಿ

ಎಪಿಸೋಡನ್ನು ಸ್ಟ್ರೀಮ್ ಮಾಡಬೇಡಿ, ಡೌನ್‌ಲೋಡ್ ಮಾಡಿ. ಇದಕ್ಕೊಂದು ಗಟ್ಟಿ ಕಾರಣ ಇದೆ. ತುಂಬಾ ಪಾಡ್‌ಕಾಸ್ಟ್‌ಗಳಲ್ಲಿ ಆ್ಯಪ್ ಫೈಲ್ ತರಿಸಿಕೊಳ್ಳುವ ಕ್ಷಣದಲ್ಲಿ ಸರ್ವರ್ ಅದಕ್ಕೆ ಜಾಹೀರಾತನ್ನು ಸೇರಿಸುತ್ತದೆ. ನೀವು ಇವತ್ತು ಪಡೆದ ಫೈಲ್ ಮತ್ತು ನಾಳೆ ಪಡೆಯುವ ಫೈಲ್ ಒಂದೇ ಉದ್ದ ಇರಬೇಕೆಂದೇನಿಲ್ಲ. ಸ್ಟ್ರೀಮಿನಲ್ಲಿ ಒಂದು ಗಂಟೆ ಕೇಳಿ, ಆಮೇಲೆ ಅದೇ ಎಪಿಸೋಡನ್ನು ಡೌನ್‌ಲೋಡ್ ಮಾಡಿ ಮುಂದುವರಿಸಿದರೆ ಎರಡು ನಿಮಿಷ ಹಿಂದೋ ಮುಂದೋ ಶುರುವಾಗುವುದು ಇದೇ ಕಾರಣಕ್ಕೆ.

ಡೌನ್‌ಲೋಡ್ ಆದ ಮೇಲೆ ಪ್ಲೇಯರ್ ತೆರೆಯಿರಿ. ಚಾಪ್ಟರ್ ಇದ್ದರೆ ಹೆಸರು ಕಾಣುತ್ತದೆ, ಮುಟ್ಟಿದರೆ ಪಟ್ಟಿ ಬರುತ್ತದೆ. ಮಧ್ಯದ ಒಂದು ಚಾಪ್ಟರ್ ಮುಟ್ಟಿ. ನಮ್ಮ ಉದಾಹರಣೆಯಲ್ಲಿ 1:36ರ ತಾಂತ್ರಿಕ ಚರ್ಚೆ. ಮಾತು ಸರಿಯಾಗಿ ಅಲ್ಲಿಂದಲೇ ಶುರುವಾಯಿತಾ? ಮೊದಲ ಚಾಪ್ಟರನ್ನು ಪರೀಕ್ಷಿಸಿ ಪ್ರಯೋಜನ ಇಲ್ಲ, ಅದು ಯಾವಾಗಲೂ ಸರಿಯಾಗೇ ಬೀಳುತ್ತದೆ. ಹಾಗಂತ ಈಗಲೇ ಕೊನೆಯ ಚಾಪ್ಟರನ್ನೂ ಮುಟ್ಟಬೇಡಿ. ಆಟೋ ಡಿಲೀಟ್ ಮೊದಲೇ ಆನ್ ಆಗಿದ್ದು, ಕೊನೆಯ ಕೆಲವೇ ಸೆಕೆಂಡುಗಳ ಹತ್ತಿರ ಹೋಗಿಬಿಟ್ಟರೆ, ಆ್ಯಪ್ ಅದನ್ನು ಮುಗಿದ ಎಪಿಸೋಡ್ ಅಂತ ತಿಳಿದು ಅಳಿಸಿಬಿಡಬಹುದು.

ಸರಿಯಾಗಿ ಬೀಳದಿದ್ದರೆ ಎಷ್ಟು ತಪ್ಪಿದೆ ಅನ್ನೋದನ್ನು ಗಮನಿಸಿ, ಕಾರಣ ಅದರಲ್ಲೇ ಇರುತ್ತದೆ.

ಜಾಹೀರಾತಿನ ತನಕ ಎಲ್ಲ ಸರಿ, ಅದಾದ ಮೇಲೆ ಎಲ್ಲ ಚಾಪ್ಟರ್‌ಗಳೂ ಒಂದೇ ಅಳತೆಯಲ್ಲಿ ಜರುಗಿವೆ ಅಂದರೆ ಅದು ಸೇರಿಸಿದ ಜಾಹೀರಾತಿನ ಕೆಲಸ. ವಿವರಣೆಯಲ್ಲಿ ಬರೆದ ಸಮಯಗಳಿಗೆ ಇದು ಜಾಸ್ತಿ ತಟ್ಟುತ್ತದೆ. ಬರೆದವರು ತಮ್ಮ ಮೂಲ ಫೈಲ್ ನೋಡಿ ಸಮಯ ಹಾಕಿರುತ್ತಾರೆ, ನಿಮಗೆ ಸಿಕ್ಕ ಫೈಲಿನಲ್ಲಿ ನಡುವೆ ಒಂದೂವರೆ ನಿಮಿಷ ಹೆಚ್ಚು ಇರುತ್ತದೆ. ಆ ಒಂದೂವರೆ ನಿಮಿಷವನ್ನು ನೀವೇ ಮನಸ್ಸಿನಲ್ಲಿ ಕೂಡಿಸಿಕೊಂಡು ಹೋಗುವುದು ಬಿಟ್ಟು ಬೇರೆ ದಾರಿ ಇಲ್ಲ.

ಮುಂದೆ ಹೋದಂತೆ ತಪ್ಪು ಸ್ವಲ್ಪ ಸ್ವಲ್ಪವೇ ಬೆಳೆಯುತ್ತಾ ಹೋದರೆ ಸಮಸ್ಯೆ ಫೈಲಿನದು. ಬಿಟ್‌ರೇಟ್ ಬದಲಾಗುತ್ತಾ ಹೋಗುವ ಎಂಪಿ3 ಫೈಲಿನಲ್ಲಿ ಜಾಗಗಳ ಸೂಚಿ ಸರಿಯಾಗಿ ಇಲ್ಲದಿದ್ದರೆ, ಪ್ಲೇಯರ್ ಅಂದಾಜಿನ ಮೇಲೆ ಹಾರುತ್ತದೆ. ಆ್ಯಪ್ ಬದಲಿಸಿದರೆ ಒಮ್ಮೊಮ್ಮೆ ಸರಿಹೋಗುತ್ತದೆ, ಸೆಟ್ಟಿಂಗ್ ಬದಲಿಸಿದರೆ ಹೋಗುವುದಿಲ್ಲ.

ಚಾಪ್ಟರೇ ಕಾಣದಿದ್ದರೆ? ಚಾಪ್ಟರ್ ಮಾಹಿತಿ ಫೈಲಿನ ಒಳಗಿರಬಹುದು, ಅಥವಾ ಪಾಡ್‌ಕಾಸ್ಟಿನ ಫೀಡಿನಿಂದ, ಅಂದರೆ ಆ್ಯಪಿಗೆ ಎಪಿಸೋಡುಗಳ ಪಟ್ಟಿ ಕೊಡುವ ಕಡತದಿಂದ, ಬೇರೆಯಾಗಿ ಬರಬಹುದು. ಎರಡೂ ಇಲ್ಲ ಅಂದರೆ ಯಾವ ಆ್ಯಪ್ ಕೂಡ ಅದನ್ನು ಸುಮ್ನೆ ಹುಟ್ಟಿಸಲಾರದು. ಆಗ ಎಪಿಸೋಡಿನ ವಿವರಣೆ ತೆರೆಯಿರಿ. ಅಲ್ಲಿ 1:36:00 ರೀತಿಯಲ್ಲಿ ಸಮಯ ಬರೆದಿದ್ದರೆ, ಆ ಎಪಿಸೋಡ್ ಓಡುತ್ತಿರುವಾಗ ಅದನ್ನು ಮುಟ್ಟಿದರೆ ಆಂಟೆನಾಪಾಡ್ ಅಲ್ಲಿಗೇ ಕರೆದೊಯ್ಯುತ್ತದೆ.

ಈಗ ಬೇಡದ ಚಾಪ್ಟರ್ ಯಾವುದು ಅಂತ ತೀರ್ಮಾನಿಸಿ. ನಮ್ಮ ಎಪಿಸೋಡಿನಲ್ಲಿ ಪರಿಚಯದ 7 ನಿಮಿಷ, ಜಾಹೀರಾತಿನ 4 ನಿಮಿಷ, ಮುಕ್ತಾಯದ 6 ನಿಮಿಷ ಬೇಡ. ಒಟ್ಟು 17 ನಿಮಿಷ. ಕೇಳಬೇಕಾದದ್ದು 163 ನಿಮಿಷ ಉಳಿಯಿತು. ವೇಗಕ್ಕೆ ಕೈ ಹಾಕುವ ಮುಂಚೆಯೇ 17 ನಿಮಿಷ ಉಳಿತಾಯವಾಯಿತು, ಮತ್ತು ಇದರಲ್ಲಿ ಮಾತಿನ ಸ್ಪಷ್ಟತೆ ಒಂಚೂರೂ ಕೆಡಲಿಲ್ಲ.

## ಹಂತ 2: ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ

ವೇಗ ಹೆಚ್ಚಿಸಿದಾಗ ದನಿ ಕೀರಲಾಗದಂತೆ ಆ್ಯಪ್ ನೋಡಿಕೊಳ್ಳುತ್ತದೆ. ಶಬ್ದದ ಚಿಕ್ಕ ಚಿಕ್ಕ ತುಣುಕುಗಳನ್ನು ಒಂದರ ಮೇಲೊಂದು ಸೇರಿಸಿ ಉದ್ದ ಕಡಿಮೆ ಮಾಡುತ್ತದೆ. ಹಾಗಾಗಿ ಮಾತು ತಡೆದುಕೊಳ್ಳುತ್ತದೆ, ಸಂಗೀತ ಹಾಳಾಗುತ್ತದೆ. ಎಪಿಸೋಡಿನ ನಡುವೆ ಹಾಡು ಬಂದಾಗ ನಡುಗಿದಂತೆ ಕೇಳಿದರೆ ಫೋನ್ ಕೆಟ್ಟಿಲ್ಲ, ಹೆದರಬೇಡಿ.

ಎಷ್ಟು ಏರಿಸಬೇಕು ಅನ್ನುವುದಕ್ಕೆ ಒಂದು ಲೆಕ್ಕ ನೋಡಿ. 180 ನಿಮಿಷದ ಎಪಿಸೋಡ್ 1.25 ಪಟ್ಟು ವೇಗದಲ್ಲಿ 144 ನಿಮಿಷ ಆಗುತ್ತದೆ. 36 ನಿಮಿಷ ಉಳಿಯಿತು. 1.5ಕ್ಕೆ ಏರಿಸಿದರೆ 120 ನಿಮಿಷ, ಅಂದರೆ ಇನ್ನೂ 24 ನಿಮಿಷ. ಅಲ್ಲಿಂದ 1.75ಕ್ಕೆ ಹೋದರೆ ಸಿಗುವುದು ಸುಮಾರು 17 ನಿಮಿಷ. 2 ಪಟ್ಟಿಗೆ ಹೋದರೆ ಮತ್ತೆ 13. ಮೆಟ್ಟಿಲು ಅಷ್ಟೇ ಎತ್ತರ, ಸಿಗುವ ಲಾಭ ಮಾತ್ರ ಪ್ರತಿ ಸಲ ಕಡಿಮೆ. ನನ್ನ ಪ್ರಕಾರ ಮಾತುಕತೆಯ ಪಾಡ್‌ಕಾಸ್ಟಿಗೆ 1.5ರ ಮೇಲೆ ಹೋಗುವವರು ಕಳೆದುಕೊಳ್ಳುವುದೇ ಜಾಸ್ತಿ.

ಪ್ಲೇಯರಿನಲ್ಲಿ ವೇಗದ ಗುರುತನ್ನು ಮುಟ್ಟಿ. ಜಾರುವ ಪಟ್ಟಿಯಲ್ಲಿ 0.05ರ ಲೆಕ್ಕದಲ್ಲಿ ಬದಲಿಸಬಹುದು. 1.2ರಿಂದ ಶುರು ಮಾಡಿ ಐದು ನಿಮಿಷ ಕೇಳಿ. ಆಮೇಲೆ 1.3, ಆಮೇಲೆ 1.4. ನಿಲ್ಲಿಸಬೇಕಾದ ಗುರುತು ಇದು: ಹೆಸರು ಅಥವಾ ಅಂಕಿ ಬಂದಾಗ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತಿದ್ದೀರಿ ಅಂದರೆ ವೇಗ ಜಾಸ್ತಿಯಾಗಿದೆ. ಹಿಂದೆ ಹೋಗುವ ಬಟನ್‌ಗೆ ಹತ್ತು ನಿಮಿಷದಲ್ಲಿ ಎರಡು ಮೂರು ಸಲ ಕೈ ಹೋದರೆ ಒಂದು ಮೆಟ್ಟಿಲು ಇಳಿಯಿರಿ.

ನಿಮಗೆ ಹೊಂದಿದ ಎರಡು ವೇಗಗಳನ್ನು ಅಲ್ಲೇ ಉಳಿಸಿಟ್ಟುಕೊಳ್ಳಿ, ಹಾಗೆ ಸೇರಿಸುವ ಗುರುತು ಆ ಪರದೆಯಲ್ಲೇ ಇದೆ. ನಮ್ಮ ಸಂದರ್ಶನಕ್ಕೆ ಸಾಧಾರಣ ಮಾತಿಗೆ 1.4, ತಾಂತ್ರಿಕ ಚರ್ಚೆಗೆ 1.2 ಅಂದುಕೊಳ್ಳೋಣ. 55 ನಿಮಿಷದ ತಾಂತ್ರಿಕ ಭಾಗ 46 ನಿಮಿಷಕ್ಕೆ ಮುಗಿಯುತ್ತದೆ. ಉಳಿದ 108 ನಿಮಿಷ 77ಕ್ಕೆ. ಒಟ್ಟು 123 ನಿಮಿಷ. ಇಡೀ ಎಪಿಸೋಡನ್ನು 1.5ರಲ್ಲಿ ಓಡಿಸಿದ್ದಕ್ಕೂ ಇದಕ್ಕೂ ಮೂರೇ ನಿಮಿಷದ ವ್ಯತ್ಯಾಸ. ಆದರೆ ಕಷ್ಟದ ಭಾಗ ನಿಧಾನವಾಗಿ ಕೇಳಿಸಿತು ಅಲ್ವಾ?

ಇಲ್ಲಿ ಒಂದು ಸಾಮಾನ್ಯ ತಪ್ಪು ಇದೆ. ವೇಗವನ್ನು ಎರಡು ಕಡೆ ಇಡಬಹುದು: ಇಡೀ ಆ್ಯಪಿಗೆ ಒಂದು, ಪ್ರತಿ ಪಾಡ್‌ಕಾಸ್ಟಿಗೆ ಬೇರೆ. ಪಾಡ್‌ಕಾಸ್ಟಿನದು ಇದ್ದರೆ ಗೆಲ್ಲುವುದು ಅದೇ. "ಸೆಟ್ಟಿಂಗಿನಲ್ಲಿ ಬದಲಿಸಿದೆ, ಆದರೂ ಹಳೇ ವೇಗದಲ್ಲೇ ಓಡುತ್ತಿದೆ" ಅನ್ನುವವರು ಆ ಪಾಡ್‌ಕಾಸ್ಟಿನ ಸ್ವಂತ ಸೆಟ್ಟಿಂಗ್ ತೆರೆದು ನೋಡಬೇಕು. ಸುದ್ದಿಗೆ ಒಂದು, ಸಂದರ್ಶನಕ್ಕೆ ಒಂದು, ಕಥೆಗೆ 1 ಪಟ್ಟು ಅಂತ ಪಾಡ್‌ಕಾಸ್ಟ್‌ವಾರು ಇಡುವುದೇ ಒಳ್ಳೆಯದು.

## ಹಂತ 3: ಮೌನ ಬಿಡುವುದನ್ನು ಅಳೆದು ನೋಡಿ, ಆಮೇಲೆ ಇಟ್ಟುಕೊಳ್ಳಿ

ಆಂಟೆನಾಪಾಡಿನಲ್ಲಿ `Skip silence` ಆಯ್ಕೆ ವೇಗದ ಪರದೆಯಲ್ಲೇ ಇದೆ. ಶಬ್ದದ ಮಟ್ಟ ಒಂದು ಮಿತಿಗಿಂತ ಕೆಳಗಿಳಿದು, ಸೆಕೆಂಡಿನ ಚಿಕ್ಕ ಪಾಲಿನಷ್ಟು ಹೊತ್ತು ಹಾಗೇ ಇದ್ದರೆ ಆ ಜಾಗವನ್ನು ಕತ್ತರಿಸುತ್ತದೆ. ಅದು ನೋಡುವುದು ಶಬ್ದ ಎಷ್ಟು ಜೋರು ಅನ್ನುವುದನ್ನು ಮಾತ್ರ. ಯಾರೋ ಯೋಚಿಸುತ್ತಿದ್ದಾರೆ, ದುಃಖದಲ್ಲಿ ತಡೆದಿದ್ದಾರೆ ಅನ್ನುವುದೆಲ್ಲ ಅದಕ್ಕೆ ತಿಳಿಯುವುದಿಲ್ಲ.

ಉಪಯೋಗ ಎಷ್ಟು ಅಂತ ತಿಳಿಯಲು ವೇಗವನ್ನು 1 ಪಟ್ಟಿಗೆ ತನ್ನಿ. ಮೌನ ಬಿಡುವುದನ್ನು ಆನ್ ಮಾಡಿ. ಸ್ಟಾಪ್‌ವಾಚ್ ಒತ್ತಿ ಸರಿಯಾಗಿ 5 ನಿಮಿಷ ಕೇಳಿ. ಈಗ ಪ್ಲೇಯರಿನ ಸಮಯ ಎಷ್ಟು ಮುಂದೆ ಹೋಗಿದೆ ನೋಡಿ. 5 ನಿಮಿಷ 20 ಸೆಕೆಂಡ್ ಹೋಗಿದ್ದರೆ ನಿಮಗೆ ನೂರಕ್ಕೆ ಆರರಷ್ಟು ಉಳಿತಾಯ. ನಮ್ಮ 123 ನಿಮಿಷದಲ್ಲಿ ಅದು ಏಳೆಂಟು ನಿಮಿಷ. 5 ನಿಮಿಷ 3 ಸೆಕೆಂಡ್ ಮಾತ್ರ ಹೋಗಿದ್ದರೆ ಈ ಸೌಲಭ್ಯದಿಂದ ಆ ಪಾಡ್‌ಕಾಸ್ಟಿನಲ್ಲಿ ಏನೂ ಸಿಗುತ್ತಿಲ್ಲ, ಆಫ್ ಮಾಡಿಬಿಡಿ. ಚೆನ್ನಾಗಿ ಎಡಿಟ್ ಮಾಡಿದ ಎಪಿಸೋಡಿನಲ್ಲಿ ಮೌನವನ್ನು ಅವರೇ ಮೊದಲೇ ಕತ್ತರಿಸಿರುತ್ತಾರೆ.

ಹಿನ್ನೆಲೆಯಲ್ಲಿ ಸಂಗೀತ ಅಥವಾ ಫ್ಯಾನ್ ಸದ್ದು ನಿರಂತರ ಇದ್ದರೂ ಇದೇ ಕಥೆ. ಆ್ಯಪಿನ ಮಟ್ಟಿಗೆ ಅಲ್ಲಿ ಮೌನವೇ ಇಲ್ಲ.

ಇದಕ್ಕಿಂತ ಕೆಟ್ಟದ್ದು ಉಲ್ಟಾ ಆದಾಗ. ಒಬ್ಬರ ಮೈಕ್ ಜೋರಾಗಿದೆ, ಇನ್ನೊಬ್ಬರದು ತೀರಾ ಮೆಲ್ಲಗಿದೆ ಅಂದುಕೊಳ್ಳಿ. ಮೆಲುದನಿಯವರ ಮಾತಿನ ತುದಿಯೇ ಮೌನದ ಲೆಕ್ಕಕ್ಕೆ ಬಿದ್ದುಬಿಡುತ್ತದೆ. ಪದದ ಮೊದಲಕ್ಷರ ನುಂಗಿದಂತೆ, ವಾಕ್ಯದ ಕೊನೆ ತುಂಡಾದಂತೆ ಕೇಳಿಸುತ್ತದೆ. ಒಬ್ಬರ ಮಾತಿನಲ್ಲಿ ಮಾತ್ರ ಹೀಗಾಗುತ್ತಿದ್ದರೆ ಅನುಮಾನವೇ ಬೇಡ, ಕಾರಣ ಇದೇ. ದನಿ ಜೋರು ಮಾಡಿದರೆ ಸರಿಹೋಗುವುದಿಲ್ಲ, ಏಕೆಂದರೆ ಕತ್ತರಿಸುವ ಕೆಲಸ ನಿಮ್ಮ ವಾಲ್ಯೂಮ್ ಬಟನ್‌ಗಿಂತ ಮೊದಲೇ ಮುಗಿದಿರುತ್ತದೆ.

ಇನ್ನೊಂದು ವಿಷಯ. ವೇಗ ಮತ್ತು ಮೌನ ಎರಡೂ ಸೇರಿದರೆ ಮಾತಿಗೆ ಉಸಿರೇ ಇರುವುದಿಲ್ಲ. 1.4ರಲ್ಲಿ ಆರಾಮವಾಗಿದ್ದವರಿಗೆ ಮೌನ ಕತ್ತರಿಸಿದ ಮೇಲೆ ಸುಸ್ತು ಅನ್ನಿಸಿದರೆ, ವೇಗವನ್ನು 1.3ಕ್ಕೆ ಇಳಿಸಿ. ಪರದೆಯಲ್ಲಿ ಕಾಣುವ "ಇನ್ನೆಷ್ಟು ಉಳಿದಿದೆ" ಅನ್ನುವ ಸಮಯವನ್ನೂ ಪೂರ್ತಿ ನಂಬಬೇಡಿ. ಮುಂದೆ ಎಷ್ಟು ಮೌನ ಬರಲಿದೆ ಅಂತ ಆ್ಯಪಿಗೆ ಮೊದಲೇ ಗೊತ್ತಿರುವುದಿಲ್ಲ.

## ಹಂತ 4: "ಮುಗಿಯಿತು" ಅಂದರೆ ಎಲ್ಲಿ ಅಂತ ಆ್ಯಪಿಗೆ ಹೇಳಿ

ಇಡೀ ಕೆಲಸ ಕೈಕೊಡುವುದು ಇಲ್ಲೇ. ನೀವು 2:54ಕ್ಕೆ, ಮುಕ್ತಾಯದ ಸಂಗೀತ ಶುರುವಾದ ಕೂಡಲೇ ನಿಲ್ಲಿಸುತ್ತೀರಿ. ಆ್ಯಪ್ ನೋಡಿದರೆ ಇನ್ನೂ 6 ನಿಮಿಷ ಬಾಕಿ. ಅದರ ಪ್ರಕಾರ ನೀವು ನಡುವೆ ಬಿಟ್ಟಿದ್ದೀರಿ, ನಾಳೆ ಮುಂದುವರಿಸುತ್ತೀರಿ. ಅದಕ್ಕೇ ಫೈಲನ್ನು ಜೋಪಾನವಾಗಿ ಇಟ್ಟುಕೊಂಡಿದೆ.

`Settings` ಒಳಗಿನ `Playback` ಭಾಗದಲ್ಲಿ `Smart mark as played` ಇದೆ. ಕೊನೆಯಲ್ಲಿ ಇಷ್ಟು ಸೆಕೆಂಡ್ ಮಾತ್ರ ಉಳಿದಿದ್ದರೆ ಮುಗಿದಂತೆ ಎಣಿಸು ಅಂತ ಇದರಲ್ಲಿ ಹೇಳಬಹುದು. ಕೊನೆಯ ಅರ್ಧ ನಿಮಿಷ ಬಿಡುವವರಿಗೆ ಇದು ಸಾಕು. ನಮ್ಮ 6 ನಿಮಿಷಕ್ಕೆ ಸಾಲದು.

ಅದಕ್ಕೆ ಆ ಪಾಡ್‌ಕಾಸ್ಟಿನ ಸ್ವಂತ ಸೆಟ್ಟಿಂಗಿಗೆ ಹೋಗಿ `Auto skip` ತೆರೆಯಿರಿ. ಮೊದಲಿನ ಎಷ್ಟು ಸೆಕೆಂಡ್, ಕೊನೆಯ ಎಷ್ಟು ಸೆಕೆಂಡ್ ಬಿಡಬೇಕು ಅಂತ ಅದು ಕೇಳುತ್ತದೆ. 6 ನಿಮಿಷ ಅಂದರೆ 360 ಸೆಕೆಂಡ್. ಆದರೆ 360 ಹಾಕಬೇಡಿ. ಮುಕ್ತಾಯದ ಉದ್ದ ಎಲ್ಲ ಎಪಿಸೋಡಿನಲ್ಲೂ ಒಂದೇ ಇರುವುದಿಲ್ಲ. ಹಳೆಯ ಮೂರ್ನಾಲ್ಕು ಎಪಿಸೋಡಿನ ಕೊನೆ ನೋಡಿ, ಅದರಲ್ಲಿ ಅತಿ ಚಿಕ್ಕದಕ್ಕಿಂತಲೂ ಸ್ವಲ್ಪ ಕಡಿಮೆ ಹಾಕಿ. 240 ಅಂದುಕೊಳ್ಳೋಣ. ನೀವು ಕೇಳುವ ವೇಗದಲ್ಲೇ ಒಮ್ಮೆ ಓಡಿಸಿ, ಎಲ್ಲಿ ಕತ್ತರಿಸುತ್ತದೆ ಅಂತ ಕಿವಿಯಾರೆ ಕೇಳಿ. ಮಾತಿನ ಮಧ್ಯೆ ಕತ್ತರಿಸಿದರೆ ಅಂಕಿ ಇಳಿಸಿ. ಇಲ್ಲಿ ಮಾಡುವ ತಪ್ಪು ಕಣ್ಣಿಗೆ ಬೀಳುವುದಿಲ್ಲ, ಸಂದರ್ಶನದ ಕೊನೆಯ ಉತ್ತರ ಹೋದದ್ದೇ ತಿಳಿಯುವುದಿಲ್ಲ.

ಹೀಗೆ ತಾನಾಗಿ ಬಿಟ್ಟಾಗ ಎಪಿಸೋಡ್ ಮುಗಿದಂತೆ ಲೆಕ್ಕ. ಆದರೆ ನೀವೇ ಮುಂದಿನ ಎಪಿಸೋಡಿನ ಬಟನ್ ಒತ್ತಿದರೆ ಲೆಕ್ಕ ಬೇರೆ. `Playback` ಭಾಗದಲ್ಲೇ `Keep skipped episodes` ಇದೆ. ಅದು ಆನ್ ಇದ್ದರೆ ಬಟನ್ ಒತ್ತಿ ದಾಟಿದ ಎಪಿಸೋಡ್ ಹಾಗೇ ಉಳಿಯುತ್ತದೆ. "ಕೊನೆಗೆ ಬಂದು ನೆಕ್ಸ್ಟ್ ಒತ್ತಿದೆ, ಅಳಿಯಲೇ ಇಲ್ಲ" ಅನ್ನುವುದಕ್ಕೆ ಉತ್ತರ ಇದು.

ಆಫ್ ಮಾಡಿಬಿಡೋಣ ಅನ್ನಿಸುತ್ತದೆ. ತಡೆಯಿರಿ. ಬ್ಲೂಟೂತ್ ಇಯರ್‌ಫೋನಿನ ಅಥವಾ ಕಾರಿನ ಮುಂದಿನ ಬಟನ್ ಏನು ಮಾಡುತ್ತದೆ ಅಂತ ಮೊದಲು ಪರೀಕ್ಷಿಸಿ. ಅದು ಎಪಿಸೋಡನ್ನೇ ದಾಟಿಸುವಂತಿದ್ದರೆ, ಈ ಆಯ್ಕೆ ಆಫ್ ಇದ್ದರೆ, ಇಯರ್‌ಫೋನ್ ಸರಿಮಾಡಿಕೊಳ್ಳುವಾಗ ಎರಡು ಸಲ ಬೆರಳು ತಗುಲಿದರೆ ಸಾಕು. ನಡುವಿನಲ್ಲಿದ್ದ ಎಪಿಸೋಡ್ ಮುಗಿದಂತಾಗಿ ಅಳಿದುಹೋಗುತ್ತದೆ. ಆ ಬಟನ್‌ಗಳ ಕೆಲಸವನ್ನು ಸೆಟ್ಟಿಂಗಿನಲ್ಲಿ ಬದಲಿಸಬಹುದು. ಸ್ವಲ್ಪ ಮುಂದಕ್ಕೆ ಓಡುವಂತೆ ಇಟ್ಟುಕೊಳ್ಳಿ. `Keep skipped episodes` ಆನ್ ಇರಲಿ.

## ಹಂತ 5: ಈಗ ಡಿಲೀಟ್ ಆನ್ ಮಾಡಿ

`Settings` ಒಳಗಿನ `Downloads` ಭಾಗಕ್ಕೆ ಹೋಗಿ `Auto delete` ಆನ್ ಮಾಡಿ. ಮುಗಿದ ಎಪಿಸೋಡುಗಳಲ್ಲಿ ಮೆಚ್ಚಿನದೆಂದು ಗುರುತಿಟ್ಟದ್ದನ್ನು ಉಳಿಸುವ ಆಯ್ಕೆಯೂ ಇದೆ, ಅದನ್ನೂ ಆನ್ ಮಾಡಿ. ಇನ್ನು ಮುಂದೆ ಮತ್ತೆ ಬೇಕು ಅನ್ನಿಸಿದ ಎಪಿಸೋಡಿಗೆ ಕೇಳುತ್ತಿರುವಾಗಲೇ ಗುರುತು ಹಾಕಿ. ಮುಗಿದ ಮೇಲೆ ಹಾಕುತ್ತೇನೆ ಅಂದರೆ ಫೈಲ್ ಆಗಲೇ ಹೋಗಿರುತ್ತದೆ.

ಹತ್ತಿರದಲ್ಲೇ ಇನ್ನೊಂದು ಆಯ್ಕೆ ಇದೆ. ಹೊಸ ಎಪಿಸೋಡ್ ತಾನಾಗಿ ಇಳಿಯುವಾಗ ಜಾಗ ಸಾಲದಿದ್ದರೆ ಯಾವ ಹಳೆಯದನ್ನು ತೆಗೆಯಬಹುದು ಅನ್ನುವುದು ಅದರ ಕೆಲಸ. ಜನ ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ತಾನಾಗಿ ಡೌನ್‌ಲೋಡ್ ಮಾಡುವುದನ್ನೇ ಬಳಸದವರಿಗೆ ಎರಡನೆಯದು ಯಾವತ್ತೂ ಕೆಲಸ ಮಾಡುವುದಿಲ್ಲ. ಅದನ್ನು ಆನ್ ಮಾಡಿ ಕಾದು ಕೂತರೆ ಫೋನ್ ತುಂಬುತ್ತಲೇ ಇರುತ್ತದೆ.

ಪಾಡ್‌ಕಾಸ್ಟ್‌ವಾರು ಡಿಲೀಟ್ ಆಯ್ಕೆಯೂ ಇದೆ: ಯಾವಾಗಲೂ, ಎಂದಿಗೂ ಬೇಡ, ಅಥವಾ ಆ್ಯಪಿನ ನಿಯಮದಂತೆ. ಭಾಷೆ ಕಲಿಯುವಂಥ, ಮತ್ತೆ ಮತ್ತೆ ಕೇಳುವ ಪಾಡ್‌ಕಾಸ್ಟಿಗೆ ಎಂದಿಗೂ ಬೇಡ ಅಂತ ಇಡಿ. ಫೀಡಿನಲ್ಲಿ ಇತ್ತೀಚಿನ ಕೆಲವು ಎಪಿಸೋಡ್ ಮಾತ್ರ ಇಡುವ ಪಾಡ್‌ಕಾಸ್ಟುಗಳಿಗೂ ಹಾಗೇ. ಅಂಥ ಕಡೆ ಒಮ್ಮೆ ಅಳಿದದ್ದು ಮತ್ತೆ ಇಳಿಸಿಕೊಳ್ಳೋಣ ಅಂದರೆ ಅಲ್ಲಿ ಇರುವುದೇ ಇಲ್ಲ.

ಪರೀಕ್ಷೆ ಹೀಗೆ ಮಾಡಿ. ಡೌನ್‌ಲೋಡ್ ಪಟ್ಟಿಯಲ್ಲಿ ಎಷ್ಟು ಎಪಿಸೋಡ್ ಇದೆ ನೋಡಿಕೊಳ್ಳಿ. ಪರೀಕ್ಷೆಯ ಎಪಿಸೋಡನ್ನು 2:54ರ ಚಾಪ್ಟರಿಗೆ ಒಯ್ದು ಕೈ ಹಾಕದೆ ಓಡಲು ಬಿಡಿ. 240 ಸೆಕೆಂಡ್ ಉಳಿಯುವ ಹೊತ್ತಿಗೆ ತಾನಾಗಿ ಮುಗಿದು, ಪಟ್ಟಿಯಿಂದ ಆ ಫೈಲ್ ಹೋಗಬೇಕು. ಹೋಗದಿದ್ದರೆ ಆ ಎಪಿಸೋಡಿಗೆ ಮುಗಿದ ಗುರುತು ಬಿದ್ದಿದೆಯಾ ನೋಡಿ. ಗುರುತು ಬಿದ್ದಿಲ್ಲ ಅಂದರೆ ತಪ್ಪು ಹಂತ 4ರಲ್ಲಿದೆ. ಬಿದ್ದಿದ್ದೂ ಫೈಲ್ ಉಳಿದಿದ್ದರೆ ಮೆಚ್ಚಿನ ಗುರುತು ಅಥವಾ ಪಾಡ್‌ಕಾಸ್ಟಿನ ಸ್ವಂತ ಡಿಲೀಟ್ ಆಯ್ಕೆ ತಡೆಯುತ್ತಿದೆ.

ಆಟೋ ಡಿಲೀಟ್ ಆನ್ ಮಾಡುವ ಮುಂಚೆ ಕೇಳಿ ಮುಗಿಸಿದ ಎಪಿಸೋಡುಗಳನ್ನು ಇದು ಹುಡುಕಿಕೊಂಡು ಹೋಗಿ ಅಳಿಸುವುದಿಲ್ಲ. ಅವನ್ನು ಡೌನ್‌ಲೋಡ್ ಪಟ್ಟಿಯಿಂದ ಒಮ್ಮೆ ನೀವೇ ತೆಗೆಯಬೇಕು.

## ಬೇರೆ ಆ್ಯಪ್ ಬಳಸುವವರಿಗೆ

ಪಾಕೆಟ್ ಕಾಸ್ಟ್ಸ್‌ನಲ್ಲಿ ಮೌನ ಬಿಡುವುದಕ್ಕೆ `Trim Silence` ಅಂತ ಹೆಸರು. ಅದರಲ್ಲಿ ಮೂರು ಮಟ್ಟ ಇವೆ, ಅತಿ ಮೃದುವಾದದ್ದರಿಂದ ಶುರು ಮಾಡಿ. ಡಿಲೀಟ್ ಬದಲು ಅಲ್ಲಿ `Auto Archive` ಇದೆ. ಎಪಿಸೋಡ್ ಆರ್ಕೈವ್ ಆದರೆ ಡೌನ್‌ಲೋಡ್ ಆದ ಫೈಲೂ ಹೋಗುತ್ತದೆ. ಮುಗಿದ ತಕ್ಷಣವೇ ಆಗಬೇಕೋ, 24 ಗಂಟೆ ಬಿಟ್ಟು ಆಗಬೇಕೋ ಆರಿಸಬಹುದು. 24 ಗಂಟೆಯದನ್ನು ಇಡಿ, ತಪ್ಪಿ ಮುಗಿದಂತಾದರೆ ಒಂದು ದಿನ ಕೈಯಲ್ಲಿರುತ್ತದೆ.

ಐಫೋನಿನ ಓವರ್‌ಕಾಸ್ಟ್‌ನಲ್ಲಿ ಮೌನದ ಸೌಲಭ್ಯದ ಹೆಸರು `Smart Speed`. ಆಪಲ್‌ನ ಸ್ವಂತ ಪಾಡ್‌ಕಾಸ್ಟ್ ಆ್ಯಪಿನಲ್ಲಿ ಅಳಿಸುವುದಕ್ಕೆ ಇರುವ ಆಯ್ಕೆ `Remove Played Downloads`. ಅಲ್ಲಿ ಮುಗಿದ ಕೂಡಲೇ ಫೈಲ್ ಹೋಗಲಿಲ್ಲ ಅಂತ ಗಾಬರಿ ಬೇಡ, ಮರುದಿನ ನೋಡಿ.

## ಮಾಡಲೇಬಾರದ ಎರಡು ಕೆಲಸ

ಫೋನ್ ತುಂಬಿದೆ ಅಂತ ಫೈಲ್ ಮ್ಯಾನೇಜರಿನಿಂದ ಪಾಡ್‌ಕಾಸ್ಟ್ ಫೈಲ್ ಅಳಿಸಬೇಡಿ. ಆ್ಯಪಿಗೆ ಅದು ತಿಳಿಯುವುದಿಲ್ಲ. ಪಟ್ಟಿಯಲ್ಲಿ ಡೌನ್‌ಲೋಡ್ ಆಗಿದೆ ಅಂತಲೇ ತೋರಿಸಿ, ಓಡಿಸಲು ಹೋದರೆ ಫೈಲ್ ಸಿಗಲಿಲ್ಲ ಅನ್ನುತ್ತದೆ. ಅಳಿಸುವುದೇನಿದ್ದರೂ ಆ್ಯಪಿನ ಒಳಗಿಂದ.

ಎರಡನೆಯದು, ಆಂಡ್ರಾಯ್ಡ್ ಸೆಟ್ಟಿಂಗಿಗೆ ಹೋಗಿ ಆ್ಯಪಿನ ಡೇಟಾ ಕ್ಲಿಯರ್ ಮಾಡುವುದು. ಜಾಗ ಖಾಲಿಯಾಗುತ್ತದೆ ನಿಜ, ಜೊತೆಗೆ ನೀವು ಸೇರಿಸಿದ ಪಾಡ್‌ಕಾಸ್ಟುಗಳ ಪಟ್ಟಿ, ಎಲ್ಲಿಯವರೆಗೆ ಕೇಳಿದ್ದೀರಿ ಅನ್ನುವ ಲೆಕ್ಕ, ಈಗಷ್ಟೇ ಹೊಂದಿಸಿದ ವೇಗ ಎಲ್ಲವೂ ಹೋಗುತ್ತವೆ. ಮಾಡಲೇಬೇಕಾದರೆ ಮೊದಲು ಆಂಟೆನಾಪಾಡಿನ `Import/Export` ಭಾಗದಿಂದ ಡೇಟಾಬೇಸನ್ನು ಬೇರೆ ಕಡೆ ಉಳಿಸಿಕೊಳ್ಳಿ. ಅಲ್ಲೇ ಇರುವ ಓಪಿಎಂಎಲ್ ಫೈಲ್ ಸಾಲದು. ಅದರಲ್ಲಿ ಪಾಡ್‌ಕಾಸ್ಟುಗಳ ಪಟ್ಟಿ ಮಾತ್ರ ಇರುತ್ತದೆ, ಮೂರು ಗಂಟೆಯ ಎಪಿಸೋಡಿನಲ್ಲಿ ನೀವು ಎಲ್ಲಿ ನಿಲ್ಲಿಸಿದ್ದಿರಿ ಅನ್ನುವುದು ಇರುವುದಿಲ್ಲ.